ಹೀಟರ್ ರಾಡಿಗೆ ಕನ್ನಡದ ಚೀಟಿ: ‘ಬೇಡ’ವನ್ನು ಮುಂದಕ್ಕೆ ತಂದ ಕೆಲಸ

ಹಾಸನದಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಇಂಥವೇ ಜಾಸ್ತಿ. ಹೋದ ಚಳಿಗಾಲದ ಶುರುವಿನಲ್ಲಿ ನಮ್ಮ ಬೀದಿಯ ಎಲೆಕ್ಟ್ರಿಕ್ ಅಂಗಡಿಯ ಅಣ್ಣ ಒಂದು ನೀರು ಕಾಯಿಸೋ ರಾಡನ್ನು ಪೆಟ್ಟಿಗೆ ಸಮೇತ ತಂದು ಮೇಜಿನ ಮೇಲಿಟ್ಟರು. “ಇದರೊಳಗಿನ ಚೀಟಿ ನೋಡಪ್ಪಾ. ಜನ ಬಂದು ಹೆಂಗೆ ಉಪಯೋಗಿಸೋದು ಅಂತ ನನ್ನನ್ನೇ ಕೇಳ್ತಾರೆ. ಕನ್ನಡದಲ್ಲಿ ಒಂದು ಮಾಡಿಕೊಡು, ಪ್ರತಿ ಪೆಟ್ಟಿಗೆಗೂ ಹಾಕ್ತೀನಿ” ಎಂದರು.

ಚೀಟಿ ಅಂಗೈ ಅಗಲ ಇತ್ತು. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಹಿಂದಿ. ಒಟ್ಟು 14 ಸೂಚನೆಗಳು, ಎಲ್ಲಕ್ಕೂ ಒಂದೇ ಸಣ್ಣ ಅಕ್ಷರ. ರಾಡನ್ನು ಒಣ ಬಟ್ಟೆಯಲ್ಲಿ ಒರೆಸಿ ಅನ್ನುವುದು ಎಂಟನೆಯದು. ಕರೆಂಟ್ ಇರುವಾಗ ನೀರು ಮುಟ್ಟಬೇಡಿ ಅನ್ನುವುದು ಒಂಬತ್ತನೆಯದು. ಬಿಲ್ ಇಲ್ಲದಿದ್ದರೆ ಗ್ಯಾರಂಟಿ ಇಲ್ಲ ಅನ್ನುವುದು ಹತ್ತನೆಯದು. ಪ್ರಾಣಕ್ಕೆ ಕುತ್ತು ತರುವ ಮಾತು ಬಟ್ಟೆಗೂ ಬಿಲ್ಲಿಗೂ ನಡುವೆ ಕೂತಿತ್ತು.

ಪದಕ್ಕೆ ಪದ ಇಟ್ಟು ಸಂಜೆಯೊಳಗೆ ಮುಗಿಸಬಹುದಿತ್ತು. ಆದರೆ ನನಗೆ ಸಮಾಧಾನ ಆಗಲಿಲ್ಲ. ಆ ಕೆಲಸ ಮೂರು ವಾರ ಹಿಡಿಯಿತು.

ಮೊದಲು ರಾಡನ್ನೇ ಅರ್ಥ ಮಾಡಿಕೊಂಡೆ

ಏನನ್ನು ಎಚ್ಚರಿಸುತ್ತಿದ್ದೇವೆ ಅಂತ ಗೊತ್ತಿಲ್ಲದೆ ಅನುವಾದಿಸಿದರೆ ಪದ ಸರಿ ಇದ್ದರೂ ಒತ್ತು ತಪ್ಪುತ್ತದೆ. ಅದಕ್ಕೇ ಅಣ್ಣನ ಅಂಗಡಿಯಲ್ಲಿ ಕೆಟ್ಟುಹೋದ ಒಂದು ರಾಡನ್ನು ಕೊಯ್ಯಿಸಿ ನೋಡಿದೆ. ಹೊರಗೆ ಲೋಹದ ಕೊಳವೆ. ಅದರೊಳಗೆ ಸುರುಳಿ ಸುತ್ತಿದ ನೈಕ್ರೋಮ್ ತಂತಿ. ಎರಡರ ನಡುವೆ ಒತ್ತಿ ತುಂಬಿದ ಬಿಳಿ ಪುಡಿ, ಅದು ಮೆಗ್ನೀಸಿಯಂ ಆಕ್ಸೈಡ್. ಈ ಪುಡಿ ಶಾಖವನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ.

ನೀರಿಲ್ಲದೆ ಸ್ವಿಚ್ ಹಾಕಿದರೆ ಶಾಖ ಹೋಗಲು ದಾರಿ ಇರುವುದಿಲ್ಲ. ಕೊಳವೆ ಕೆಂಪಗೆ ಕಾದು ಬಿರುಕು ಬಿಡಬಹುದು. ಬಿರುಕಿನಲ್ಲಿ ತೇವ ಒಳಗೆ ಹೋದರೆ ಪುಡಿಯ ತಡೆ ಕುಸಿಯುತ್ತದೆ, ಆಮೇಲೆ ಬಕೆಟ್ಟಿನ ನೀರಿಗೇ ಕರೆಂಟ್ ಬರುತ್ತದೆ. ಇವತ್ತು ನೀರಿಲ್ಲದೆ ಕಾಯಿಸಿದ್ದಕ್ಕೆ ಮುಂದಿನ ವಾರ ಪೆಟ್ಟು ಬೀಳಬಹುದು. ಹೊರಗಿನಿಂದ ನೋಡಿದರೆ ಆ ಬಿರುಕು ಕಾಣದೇ ಇರಬಹುದು. ಹಾಗೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವುದು ಪ್ಲಗ್ಗಿನ ಮೂರನೆಯ ಪಿನ್, ಮೇಲಿರುವ ದಪ್ಪ ಪಿನ್. ಅದನ್ನು ಕತ್ತರಿಸಿ ಎರಡು ಪಿನ್ ಮಾಡಿಕೊಂಡರೆ ನೀರು ಮುಟ್ಟಿದವರ ಮೈಯೇ ಆ ದಾರಿ ಆಗುತ್ತದೆ.

ಇದು ಗೊತ್ತಾದ ಮೇಲೆ 14 ಸೂಚನೆಗಳನ್ನೂ ಒಂದೇ ಪ್ರಶ್ನೆಯಿಂದ ಸೋಸಿದೆ: ಈ ಮಾತು ಕೇಳದಿದ್ದರೆ ಮನುಷ್ಯ ಸಾಯಬಹುದಾ? ಮೂರು ಮಾತ್ರ ಉಳಿದವು. ಕರೆಂಟ್ ಇರುವಾಗ ನೀರು ಮುಟ್ಟುವುದು, ಮೂರನೆಯ ಪಿನ್ ತೆಗೆಸುವುದು, ನೀರಿಲ್ಲದೆ ಸ್ವಿಚ್ ಹಾಕುವುದು. ಉಳಿದ 11 ಸೂಚನೆಗಳಲ್ಲಿ ರಾಡು ಕೆಡಬಹುದು, ಬಕೆಟ್ ಕರಗಬಹುದು, ಗ್ಯಾರಂಟಿ ಹೋಗಬಹುದು. ಅವೂ ಬೇಕು, ಆದರೆ ಈ ಮೂರರ ಪಕ್ಕದಲ್ಲಿ ಬೇಡ.

ಮೇಲೆ ಯಾವ ಪದ ಬರೆಯುವುದು?

ಇಂಗ್ಲಿಷ್ ಕೈಪಿಡಿಗಳಲ್ಲಿ ‘ಡೇಂಜರ್’, ‘ವಾರ್ನಿಂಗ್’, ‘ಕಾಷನ್’ ಅನ್ನುವ ಮೂರು ಪದಗಳಿಗೆ ಮೂರು ಮೆಟ್ಟಿಲು ಇದೆ. ತಪ್ಪಿಸದಿದ್ದರೆ ಸಾವು ಅಥವಾ ದೊಡ್ಡ ಗಾಯ ಆಗಿಯೇ ಆಗುತ್ತದೆ ಅನ್ನುವುದು ಮೊದಲನೆಯದು. ಆಗಬಹುದು ಅನ್ನುವುದು ಎರಡನೆಯದು. ಸಣ್ಣಪುಟ್ಟ ಗಾಯ ಅನ್ನುವುದು ಮೂರನೆಯದು. ನಾನೂ ‘ಅಪಾಯ’, ‘ಎಚ್ಚರಿಕೆ’, ‘ಜಾಗ್ರತೆ’ ಅಂತ ಮೂರನ್ನು ಜೋಡಿಸಿಟ್ಟೆ. ಆಮೇಲೆ ಅಕ್ಕಪಕ್ಕದ ಅಂಗಡಿಯವರನ್ನು ಕೇಳಿದೆ, ಇವುಗಳಲ್ಲಿ ಯಾವುದು ದೊಡ್ಡದು? ‘ಅಪಾಯ’ವನ್ನು ಎಲ್ಲರೂ ಮೇಲಿಟ್ಟರು. ಉಳಿದೆರಡರ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಸ್ಸು ಹತ್ತುವ ಮಗನಿಗೆ ನಾವು “ಜಾಗ್ರತೆ” ಅನ್ನುತ್ತೇವೆ. ಅದರಲ್ಲಿ ಪ್ರೀತಿ ಇದೆ, ಸಾವಿನ ನೆರಳು ಇಲ್ಲ.

‘ಅಪಾಯ’ ಮಾತ್ರ ಬೇರೆ. ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ತಲೆಬುರುಡೆಯ ಚಿತ್ರದ ಜೊತೆ ಅದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಕರೆಂಟಿಗೂ ಆ ಪದಕ್ಕೂ ಗಂಟು ಬಿದ್ದಾಗಿದೆ. ಹಾಗಾಗಿ ಮೂರು ಮೆಟ್ಟಿಲು ಬಿಟ್ಟು ಎರಡೇ ಇಟ್ಟುಕೊಂಡೆ. ಮೂರು ಸಾವಿನ ಮಾತುಗಳಿಗೆ ‘ಅಪಾಯ’. ಉಳಿದದ್ದಕ್ಕೆಲ್ಲ ‘ಗಮನಿಸಿ’. ಕೆಂಪು ಬಣ್ಣ ‘ಅಪಾಯ’ಕ್ಕೆ ಮಾತ್ರ. ಅಂಗಡಿಯ ಹೆಸರನ್ನೂ ಕೆಂಪಿನಲ್ಲಿ ಹಾಕು ಅಂತ ಅಣ್ಣ ಕೇಳಿದರು. ಅದೊಂದು ಆಗಲ್ಲ ಅಣ್ಣಾ ಅಂದೆ, ಒಪ್ಪಿದರು.

ಪದಗಳ ಆಯ್ಕೆಯಲ್ಲಿ ಇನ್ನೂ ಕೆಲವು ಕಡೆ ನಿಂತು ಯೋಚಿಸಬೇಕಾಯಿತು. ‘ವಿದ್ಯುದಾಘಾತ’ ಓದುವಷ್ಟರಲ್ಲಿ ಕೈ ನೀರಿಗೆ ಹೋಗಿರುತ್ತದೆ, ‘ಕರೆಂಟ್ ಹೊಡೆಯುತ್ತದೆ’ ಅಂತ ಬರೆದೆ. ಸ್ವಿಚ್ ‘ಆರಿಸಿ’ ಅಂದರೆ ನಂದಿಸು ಅಂತಲೂ ಆಗುತ್ತದೆ, ಆಯ್ದುಕೋ ಅಂತಲೂ ಆಗುತ್ತದೆ. ‘ತೆಗೆಯಿರಿ’ ಇನ್ನೂ ತೊಡಕು, ಬಾಗಿಲು ತೆಗೆಯುವ ಹಾಗೆ ಶುರುಮಾಡು ಅಂತ ಯಾರಾದರೂ ತಿಳಿದರೆ? ‘ಆಫ್ ಮಾಡಿ’ ಎಲ್ಲರಿಗೂ ಒಂದೇ ಅರ್ಥ. ‘ಅರ್ಥಿಂಗ್’ ಅಂತ ಬರೆದದ್ದನ್ನು ಒಬ್ಬರು ‘ಅರ್ಥ’ ಅಂತ ಓದಿ ನಿಲ್ಲಿಸಿದರು. ಆ ಪದವನ್ನೇ ಬಿಟ್ಟು ‘ಮೇಲಿನ ದಪ್ಪ ಪಿನ್’ ಅಂದೆ. ಕಣ್ಣಿಗೆ ಕಾಣುವುದು ಅದೇ ತಾನೇ.

ಮೊದಲ ಕರಡು, ಮೊದಲ ಸೋಲು

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ:

ಅಪಾಯ: ಹೀಟರಿಗೆ ಕರೆಂಟ್ ಇರುವಾಗ ಬಕೆಟ್ಟಿನ ನೀರನ್ನು ಕೈಯಿಂದ ಮುಟ್ಟಬಾರದು.

ವ್ಯಾಕರಣ ಸರಿ, ಅರ್ಥ ಸರಿ. ಪರೀಕ್ಷೆಗೆ ಐದು ಜನರನ್ನು ಕರೆದೆ: ಪಕ್ಕದ ಮನೆಯ ಅಜ್ಜಿ, ಒಬ್ಬ ಟೈಲರ್, ಪಿಜಿಯಲ್ಲಿರುವ ಇಬ್ಬರು ಹುಡುಗಿಯರು, ಅಣ್ಣನ ಅಂಗಡಿಗೆ ಬಂದಿದ್ದ ಒಬ್ಬ ರೈತರು. “ಅರ್ಥ ಆಯ್ತಾ?” ಅಂತ ಕೇಳಿದರೆ ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಬಕೆಟ್ಟಿನಲ್ಲಿ ತಣ್ಣೀರು, ಹೊಸ ರಾಡು, ಒಂದು ಎಕ್ಸ್‌ಟೆನ್ಷನ್ ಬೋರ್ಡು ಇಟ್ಟೆ. ಬೋರ್ಡಿನ ವೈರನ್ನು ಎಲ್ಲಿಗೂ ಸಿಕ್ಕಿಸಿರಲಿಲ್ಲ, ಅದು ಸತ್ತ ಬೋರ್ಡು. ಇದು ಗೋಡೆಗೆ ಸೇರಿಲ್ಲ ಅಂತ ಅವರಿಗೂ ತೋರಿಸಿದೆ. “ಚೀಟಿ ಓದಿ, ನಿಮ್ಮ ಮನೆಯಲ್ಲಿ ಮಾಡುವ ಹಾಗೇ ನೀರು ಕಾಯಿಸಿ” ಅಂತ ಹೇಳಿ ಸುಮ್ನೆ ನೋಡುತ್ತಾ ನಿಂತೆ.

ಐದರಲ್ಲಿ ಮೂವರು ಪ್ಲಗ್ ಕೀಳುವ ಮೊದಲೇ ಬೆರಳು ಅದ್ದಿದರು.

ಅಜ್ಜಿಗೆ ಆ ಸಾಲನ್ನು ಗಟ್ಟಿಯಾಗಿ ಓದಲು ಹೇಳಿದೆ. ಕನ್ನಡಕ ಇರಲಿಲ್ಲ. “ನೀರನ್ನು ಕೈಯಿಂದ ಮುಟ್ಟಬಹುದು” ಅಂತ ಓದಿದರು. ನನ್ನ ಎದೆ ಧಸಕ್ಕೆಂದಿತು. ‘ಬಾರದು’, ‘ಬಹುದು’, ಎರಡೂ ‘ಬ’ದಿಂದ ಶುರುವಾಗುತ್ತವೆ, ಎರಡೂ ‘ದು’ದಿಂದ ಮುಗಿಯುತ್ತವೆ, ಉದ್ದವೂ ಒಂದೇ. ಸಣ್ಣ ಅಕ್ಷರದಲ್ಲಿ ನಡುವಿನದು ಮಸುಕಾದರೆ ಅರ್ಥ ತಿರುಗುಮುರುಗು. ‘ಬೇಡಿ’ಗೂ ‘ಬೇಕು’ಗೂ ಸ್ವಲ್ಪ ಇದೇ ತೊಂದರೆ ಇದೆ, ಆದರೆ ‘ಡಿ’ ಮತ್ತು ‘ಕು’ ಆಕಾರದಲ್ಲಿ ದೂರ. ಅಂದಿನಿಂದ ಎಚ್ಚರಿಕೆಯ ಸಾಲಿನಲ್ಲಿ ‘ಬಾರದು’ ಬರೆಯುವುದನ್ನು ಬಿಟ್ಟೆ.

ಆದರೆ ಕನ್ನಡಕ ಹಾಕಿದವರೂ, ಎಳೆ ಕಣ್ಣಿನ ಹುಡುಗಿಯೂ ಬೆರಳು ಅದ್ದಿದ್ದರಲ್ಲ? ಆ ಹುಡುಗಿ ಹೇಳಿದಳು: “ಅಂಕಲ್, ಬಕೆಟ್ಟು, ನೀರು, ಕೈ ಅಂತೆಲ್ಲ ಇತ್ತು. ಪೂರ್ತಿ ಓದಲಿಲ್ಲ.” ಕನ್ನಡದಲ್ಲಿ ಕ್ರಿಯೆ ಕೊನೆಗೆ ಬರುತ್ತದೆ. ಬೇಡ ಅನ್ನುವುದು ಆ ಕ್ರಿಯೆಯ ಬಾಲಕ್ಕೆ ಅಂಟಿಕೊಂಡಿರುತ್ತದೆ. ಇಂಗ್ಲಿಷಿನವನಿಗೆ ಬೇಡ ಅನ್ನುವುದು ಮೊದಲ ಪದದಲ್ಲೇ ಸಿಗುತ್ತದೆ. ನಮಗೆ ಸಾಲಿನ ತುದಿಯ ತನಕ ಕಾಯಬೇಕು. ಜೊತೆಗೆ ಇಂಗ್ಲಿಷಿನಲ್ಲಿ ದೊಡ್ಡಕ್ಷರ ಹಾಕಿ ಕೂಗಿಸುತ್ತಾರೆ, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತ ಭೇದವೇ ಇಲ್ಲ. ಹೀಗೆ ಅನುವಾದ ಆಗುವಾಗ ಆ ಎರಡು ಬಲವೂ ಕಳೆದುಹೋಗುತ್ತವೆ. ಬೇರೆ ಕಡೆಯಿಂದ ಅದನ್ನು ತುಂಬಿಕೊಡದಿದ್ದರೆ ಎಚ್ಚರಿಕೆ ಬರೀ ಮಾಹಿತಿ ಆಗಿ ಉಳಿಯುತ್ತದೆ.

ಎರಡನೆಯ ಕರಡು, ಇನ್ನೂ ಅಪಾಯದ್ದು

ಬೇಡ ಅನ್ನುವುದಕ್ಕಿಂತ ಏನು ಮಾಡಬೇಕು ಅಂತ ಹೇಳುವುದು ಒಳ್ಳೆಯದು ಅಂದುಕೊಂಡೆ. ಹೀಗೆ ತಿದ್ದಿದೆ:

ಅಪಾಯ: ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಿ.

ಚಿಕ್ಕದಾಗಿದೆ, ಸೊಗಸಾಗಿದೆ ಅಂತ ಖುಷಿಪಟ್ಟೆ. ಟೈಲರ್ ಅದನ್ನು ನೋಡಿ ಕೈಯನ್ನು ನೇರ ಬಕೆಟ್ಟಿಗೆ ಒಯ್ದರು. ಅವರ ಕಣ್ಣು ಹಿಡಿದದ್ದು ಸಾಲಿನ ಕೊನೆಯ ಎರಡು ಪದ, ‘ನೀರು ಮುಟ್ಟಿ’. ಸಾಲಿನ ತುದಿಯಲ್ಲಿ ಇರುವುದೇ ಮುಖ್ಯ ಅಂತ ನಮ್ಮ ಕಣ್ಣಿಗೆ ರೂಢಿಯಾಗಿದೆ. ಅಲ್ಲಿ ಅಪ್ಪಣೆ ಇದ್ದರೆ ಅಪ್ಪಣೆಯನ್ನೇ ಪಾಲಿಸುತ್ತೇವೆ. ‘ಅಷ್ಟೇ’ ಅನ್ನುವ ಪುಟ್ಟ ಬಾಲದ ಮೇಲೆ ಒಂದು ಜೀವ ನೇತಾಡುತ್ತಿತ್ತು. ಹರಿದು ಹಾಕಿದೆ.

ಈ ಕರಡಿನಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು. ಬಳಸುವ ಕ್ರಮವನ್ನು ಒಂದೇ ಉದ್ದ ವಾಕ್ಯದಲ್ಲಿ ಹೆಣೆದಿದ್ದೆ: ‘ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ರಾಡ್ ತೆಗೆದು ನೀರು ಬಳಸಿ.’ ಇಲ್ಲಿ ‘ಮಾಡಿ’ ಅಂದರೆ ಮಾಡಿದ ಮೇಲೆ ಅಂತಲೋ, ಮಾಡಿರಿ ಅಂತಲೋ? ಎರಡಕ್ಕೂ ಒಂದೇ ರೂಪ. ಓದುವವರು ‘ಆಫ್ ಮಾಡಿ’ ಹತ್ತಿರ ನಿಂತುಬಿಡಬಹುದು, ಪ್ಲಗ್ ಕೀಳದೇ ಇರಬಹುದು. ಸ್ವಿಚ್ ಆಫ್ ಆದರೆ ಸಾಕಾಗುವುದಿಲ್ಲ. ಸ್ವಿಚ್ಚನ್ನು ನ್ಯೂಟ್ರಲ್ ಕಡೆಗೆ ಕೊಟ್ಟಿರುವ ತಪ್ಪು ವೈರಿಂಗ್ ಇದ್ದರೆ, ಆಫ್ ಮಾಡಿದರೂ ರಾಡಿಗೆ ಫೇಸ್ ಬರುತ್ತಲೇ ಇರುತ್ತದೆ. ಹಾಗಾಗಿ ಒಂದು ಸಾಲಿಗೆ ಒಂದೇ ಕೆಲಸ, ಪ್ರತಿ ಸಾಲಿಗೂ ಅಂಕಿ, ನಡೆಯುವ ಕ್ರಮದಲ್ಲೇ. ‘ನೀರು ಮುಟ್ಟುವ ಮೊದಲು ಪ್ಲಗ್ ಕೀಳಿ’ ಅಂತಲೂ ಬರೆಯಲಿಲ್ಲ, ಅದರಲ್ಲಿ ಕಣ್ಣಿಗೆ ಮೊದಲು ಬೀಳುವುದು ಮುಟ್ಟುವುದೇ.

ಅಮ್ಮ ಕೂಗುವ ಹಾಗೆ

ದಾರಿ ಸಿಕ್ಕಿದ್ದು ಮನೆಯಲ್ಲಿ. ಅಕ್ಕನ ಮಗು ಬಿಸಿ ಬಾಣಲೆಯ ಹತ್ತಿರ ಹೋಯಿತು. ಅಡುಗೆಮನೆಯಿಂದ ಅಕ್ಕ ಕೂಗಿದಳು: “ಮುಟ್ಬೇಡ! ಮುಟ್ಬೇಡ ಅದನ್ನ!”

ಅವಳು “ಅದನ್ನು ಮುಟ್ಟಬೇಡ” ಅನ್ನಲಿಲ್ಲ. ಅವಸರ ಬಂದಾಗ ಕನ್ನಡವೂ ಕ್ರಿಯೆಯನ್ನು ಮುಂದಕ್ಕೆ ತರುತ್ತದೆ. ಯಾವುದನ್ನು ಅನ್ನುವುದು ಆಮೇಲೆ ಬರುತ್ತದೆ. ಇದು ಮಾತಿನ ಕನ್ನಡ ಮೊದಲಿಂದಲೂ ಮಾಡುತ್ತಿರುವ ಕೆಲಸ, ಬರಹದಲ್ಲಿ ಮಾತ್ರ ನಾವು ಅದನ್ನು ಬಳಸುವುದಿಲ್ಲ. ಆ ರಾತ್ರಿಯೇ ಮೂರನೆಯ ಕರಡು ಬರೆದೆ:

ಅಪಾಯ
ಮುಟ್ಟಬೇಡಿ ನೀರನ್ನು!
ಕರೆಂಟ್ ಹೊಡೆದು ಸಾಯಬಹುದು.
1. ಸ್ವಿಚ್ ಆಫ್ ಮಾಡಿ.
2. ಪ್ಲಗ್ ಕಿತ್ತು ಹೊರಗಿಡಿ.
3. ರಾಡನ್ನು ನೀರಿನಿಂದ ಎತ್ತಿ.
ಆಮೇಲೆ ನೀರು ಬಳಸಿ.

ಮೊದಲ ಸಾಲು, ಕುತ್ತು ಎಷ್ಟು ದೊಡ್ಡದು ಅನ್ನುವುದು. ಎರಡನೆಯದು ಬೇಡ ಅನ್ನುವುದು. ಮೂರನೆಯದು ಯಾಕೆ ಅನ್ನುವುದು. ಕೊನೆಗೆ ಹಾಗಾದರೆ ಏನು ಮಾಡಲಿ ಅನ್ನುವುದಕ್ಕೆ ಉತ್ತರ. ಕೊನೆಯ ಸಾಲಿನಲ್ಲಿ ‘ಮುಟ್ಟಿ’ ಅನ್ನುವ ಪದ ಬಾರದಂತೆ ನೋಡಿಕೊಂಡೆ. ಇಡೀ ಚೀಟಿಯಲ್ಲಿ ‘ಮುಟ್ಟು’ ಅನ್ನುವುದು ‘ಬೇಡಿ’ ಜೊತೆ ಮಾತ್ರ ಬರುತ್ತದೆ.

ಇನ್ನೊಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಜನ ಬೆರಳು ಅದ್ದುವುದು ಯಾಕೆ? ನೀರು ಕಾಯಿತಾ ಅಂತ ನೋಡಲು. ನಮ್ಮ ಕೈಯಲ್ಲಿದ್ದ ರಾಡಿನಲ್ಲಿ ತಾನಾಗೇ ಆಫ್ ಆಗುವ ಏರ್ಪಾಡು ಇಲ್ಲ. ಬೆರಳು ಬೇಡ ಅಂದರೆ ಬೇರೆ ದಾರಿ ಕೊಡಬೇಕು. ಲೆಕ್ಕ ಹಾಕಿದೆ: 15 ಲೀಟರ್ ನೀರು, 20 ಡಿಗ್ರಿಯಿಂದ 50 ಡಿಗ್ರಿಗೆ, 1500 ವ್ಯಾಟ್ ರಾಡು. ಸುಮಾರು 21 ನಿಮಿಷ ಬರುತ್ತದೆ. ಬಕೆಟ್ಟಿನಿಂದ ಶಾಖ ಹೊರಗೂ ಹೋಗುವುದರಿಂದ ಸ್ವಲ್ಪ ಜಾಸ್ತಿ. ಅದಕ್ಕೆ ಚೀಟಿಯ ಹಿಂಬದಿಯಲ್ಲಿ ‘ಒಂದು ಬಕೆಟ್ಟಿಗೆ 20ರಿಂದ 25 ನಿಮಿಷ. ಗಡಿಯಾರ ನೋಡಿ’ ಅಂತ ಹಾಕಿದೆ. ನನ್ನ ಪ್ರಕಾರ ಚೀಟಿಯಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಸಾಲು ಇದೇ, ಅದು ಕೆಂಪಿನಲ್ಲಿಲ್ಲ.

ಅಚ್ಚಿನ ಕಷ್ಟಗಳು

ಮೊದಲ ಪ್ರೂಫ್ ನೋಡಿದಾಗ ಸಾಲಿನ ತುದಿಯಲ್ಲಿ ‘ಮುಟ್ಟ’ ಇತ್ತು, ‘ಬೇಡಿ’ ಕೆಳಗಿನ ಸಾಲಿಗೆ ಇಳಿದಿತ್ತು. ಪತ್ರಿಕೆಯ ಕಾಲಮ್ಮಿನಲ್ಲಿ ಪದವನ್ನು ಎಲ್ಲಿ ಬೇಕಾದರೂ ಮುರಿಯುವ ಅಭ್ಯಾಸ ನಮಗೆ ಇದೆ, ನನ್ನ ಕೈಯೂ ಹಾಗೇ ಮುರಿದಿತ್ತು. ಎಚ್ಚರಿಕೆಯಲ್ಲಿ ಅದು ನಡೆಯುವುದಿಲ್ಲ. ಎರಡೂ ಅಂಚಿಗೆ ಎಳೆದು ಕೂರಿಸುವುದನ್ನು ನಿಲ್ಲಿಸಿ ಎಡಕ್ಕೆ ಮಾತ್ರ ಜೋಡಿಸಿದೆ. ‘ಮುಟ್ಟಬೇಡಿ’ ಮತ್ತು ‘ನೀರನ್ನು’ ನಡುವೆ ಮುರಿಯದ ಖಾಲಿ ಜಾಗ ಹಾಕಿದೆ. ಲಿಬ್ರೆಆಫೀಸ್ ರೈಟರಿನಲ್ಲಿ ಅದು `Ctrl+Shift+Space`.

ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಚೆನ್ನಾಗಿ ಕಾಣುತ್ತದೆ ಅಂದುಕೊಂಡಿದ್ದೆ. ಮಾನಿಟರಿನಲ್ಲಿ ಕಂಡಿತು ಕೂಡ. ಅಚ್ಚಾದ ಮೇಲೆ ಇಂಕು ಹರಡಿ ‘ಟ್ಟ’ದ ಒತ್ತು ಮುಚ್ಚಿಹೋಯಿತು. ನಮ್ಮ ಅಕ್ಷರಗಳ ಹೊಟ್ಟೆಯ ಒಳಗಿನ ಜಾಗ ಸಣ್ಣದು, ಒತ್ತಕ್ಷರ ಇನ್ನೂ ಸಣ್ಣದು. ದಪ್ಪ ಅಕ್ಷರ ಮಾಡಿದರೆ ಆ ಜಾಗವೂ ತುಂಬುತ್ತದೆ. ಕೊನೆಗೆ ‘ಅಪಾಯ’ ಒಂದನ್ನೇ ಕೆಂಪು ಪಟ್ಟಿಯ ಮೇಲೆ ಬಿಳಿಯಲ್ಲಿ ಇಟ್ಟೆ, ಅದರಲ್ಲಿ ಒತ್ತಕ್ಷರ ಇಲ್ಲ. ಉಳಿದದ್ದು ಬಿಳಿಯ ಮೇಲೆ ಕಪ್ಪು. ಎಚ್ಚರಿಕೆಯ ಸಾಲು 24 ಪಾಯಿಂಟ್, ಕ್ರಮದ ಸಾಲುಗಳು 12. ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದ ಹಾಗೆ ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಟ್ಟೆ. ಬಚ್ಚಲಮನೆಯ ಮಂದ ಬಲ್ಬಿನ ಕೆಳಗೆ, ಕೈ ಚಾಚಿ ಹಿಡಿದು, ಅಜ್ಜಿಯ ಕೈಲಿ ಕನ್ನಡಕ ಇಲ್ಲದೆ ಓದಿಸಿದ ಮೇಲೇ ಅಳತೆ ಗಟ್ಟಿ ಮಾಡಿದ್ದು.

ಪೆಟ್ಟಿಗೆಯ ಒಳಗೆ ಹಾಕುವ ಕಾಗದದ ಮೇಲಿನ ಆಸೆಯನ್ನು ಇಷ್ಟರಲ್ಲಿ ಬಿಟ್ಟಿದ್ದೆ. ಕಾಗದ ಪೆಟ್ಟಿಗೆಯ ಜೊತೆ ಅಟ್ಟಕ್ಕೋ ಒಲೆಗೋ ಹೋಗುತ್ತದೆ. 11 ‘ಗಮನಿಸಿ’ ಸೂಚನೆಗಳು ಅಲ್ಲೇ ಇರಲಿ. ‘ಅಪಾಯ’ ಮಾತ್ರ ರಾಡಿನ ಜೊತೆಯೇ ಇರಬೇಕು. ಐಡಿ ಕಾರ್ಡಿನ ಅಳತೆಯಲ್ಲಿ ಲ್ಯಾಮಿನೇಟ್ ಮಾಡಿಸಿ, ಪ್ಲಾಸ್ಟಿಕ್ ಟೈ ಹಾಕಿ ವೈರಿಗೆ ಕಟ್ಟಿದೆ. ಮೊದಲು ಹಿಡಿಕೆಯ ಹತ್ತಿರ ಕಟ್ಟಿದ್ದೆ, ಆವಿಗೆ ಲ್ಯಾಮಿನೇಷನ್ ಬಿಟ್ಟುಕೊಂಡಿತು. ಈಗ ಪ್ಲಗ್ಗಿನಿಂದ ಒಂದು ಗೇಣು ದೂರದಲ್ಲಿ ಕಟ್ಟುತ್ತೇವೆ. ಪ್ಲಗ್ ಹಾಕುವಾಗಲೂ, ಕೀಳುವಾಗಲೂ ಅದು ಕೈಗೆ ತಾಗಿಯೇ ತಾಗುತ್ತದೆ.

ಕಾರ್ಡಿನ ಮುಂಬದಿ ಪೂರ್ತಿ ನೀರು ಮುಟ್ಟುವ ವಿಷಯಕ್ಕೆ. ಹಿಂಬದಿಯಲ್ಲಿ ‘ಹಾಕಬೇಡಿ ಸ್ವಿಚ್, ರಾಡು ನೀರಿನಲ್ಲಿ ಇಳಿಯುವ ತನಕ!’ ಮತ್ತು ‘ತೆಗೆಸಬೇಡಿ ಮೇಲಿನ ದಪ್ಪ ಪಿನ್ನನ್ನು!’ ಇವೆರಡು, ಕೆಳಗೆ ಗಡಿಯಾರದ ಸಾಲು. 1500 ವ್ಯಾಟ್ ಅಂದರೆ ಸುಮಾರು ಆರೂವರೆ ಆಂಪಿಯರ್, 6 ಆಂಪಿಯರಿನ ಸಣ್ಣ ಸಾಕೆಟ್ ಅದನ್ನು ತಾಳುವುದಿಲ್ಲ. ಅದನ್ನೂ ಸೇರಿಸಬೇಕು ಅಂತ ಕೈ ತುಡಿಯಿತು. ಸೇರಿಸಿದರೆ ಉಳಿದ ಅಕ್ಷರ ಸಣ್ಣದಾಗುತ್ತಿತ್ತು. ಅದನ್ನು ಕಾಗದದ ಚೀಟಿಯ ಮೊದಲ ‘ಗಮನಿಸಿ’ ಮಾಡಿದೆ, ಅಣ್ಣ ಮಾರುವಾಗ ಬಾಯಲ್ಲೂ ಹೇಳುತ್ತಾರೆ.

ಮತ್ತೆ ಸತ್ತ ಬೋರ್ಡಿನ ಪರೀಕ್ಷೆ. ಮೊದಲಿನವರಿಗೆ ವಿಷಯ ಗೊತ್ತಾಗಿತ್ತು, ಅದಕ್ಕೆ ಹೊಸ ಐದು ಜನ. ಐವರೂ ಪ್ಲಗ್ ಕಿತ್ತರು. ಒಬ್ಬರು ಪ್ಲಗ್ ಕಿತ್ತ ಕೂಡಲೇ ರಾಡನ್ನು ಎತ್ತಿ ಪ್ಲಾಸ್ಟಿಕ್ ಚಾಪೆಯ ಮೇಲೆ ಇಟ್ಟರು. ಬಿಸಿ ರಾಡಾಗಿದ್ದರೆ ಚಾಪೆ ಸುಡುತ್ತಿತ್ತು. ಮೂರನೆಯ ಸಾಲನ್ನು ‘ಎರಡು ನಿಮಿಷ ಬಿಟ್ಟು ರಾಡನ್ನು ಎತ್ತಿ, ಗೋಡೆಗೆ ನೇತುಹಾಕಿ’ ಅಂತ ತಿದ್ದಿ ಅಚ್ಚಿಗೆ ಕೊಟ್ಟೆ. ನುಡಿ ಫಾಂಟಿನ ಹಳೇ ಫೈಲ್ ಕೊಟ್ಟು ಅಚ್ಚುಮನೆಯಲ್ಲಿ ಅಕ್ಷರ ಕಲಸಿಹೋದ ಅನುಭವ ಇದ್ದುದರಿಂದ, ಯೂನಿಕೋಡಿನಲ್ಲಿ ಮಾಡಿ, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕಳಿಸಿದೆ. ಮೊದಲ ಕಂತಿಗೆ 100 ಕಾರ್ಡು.

ಕಾರ್ಡು ಬಂದ ದಿನ ಅಜ್ಜಿ ತಮ್ಮ ಹಳೇ ರಾಡನ್ನು ಹಿಡಿದುಕೊಂಡು ಬಂದರು. “ನನ್ನದಕ್ಕೂ ಒಂದು ಕಟ್ಟಪ್ಪಾ.” ಟೈ ಹಾಕಲು ವೈರ್ ಹಿಡಿದೆ. ಪ್ಲಗ್ಗಿಗೆ ಎರಡೇ ಪಿನ್ ಇತ್ತು. ಕಾರ್ಡು ಪಕ್ಕಕ್ಕಿಟ್ಟು ಅಣ್ಣನ ಅಂಗಡಿಗೆ ಕರೆದುಕೊಂಡು ಹೋದೆ. ಒಳಗಿನ ವೈರೂ ಎರಡೇ ಎಳೆಯದು, ಹಾಗಾಗಿ ಪ್ಲಗ್ ಒಂದನ್ನೇ ಬದಲಿಸಿ ಉಪಯೋಗ ಇರಲಿಲ್ಲ. ಅಣ್ಣ ಆ ರಾಡಿನ ವೈರನ್ನು ಅಲ್ಲೇ ಕತ್ತರಿಸಿ ಗುಜರಿ ಡಬ್ಬಿಗೆ ಹಾಕಿದರು. ಮೂರು ಪಿನ್ನಿನ ಹೊಸ ರಾಡಿಗೆ ಮೊದಲ ಕಾರ್ಡು ಕಟ್ಟಿ ಅಜ್ಜಿಯ ಕೈಗೆ ಕೊಟ್ಟೆವು.